ಒಂದೇ ಪೆನ್‌ಡ್ರೈವ್‌ನಲ್ಲಿ ಹಲವು ಇನ್‌ಸ್ಟಾಲರ್: ವೆಂಟಾಯ್ ಬಳಸಿದವರ ಅನುಭವ

ಪ್ರಶ್ನೆ: ನಾನು ಮನೆಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ವಿಂಡೋಸ್ 11, ಉಬುಂಟು, ಮಿಂಟ್, ಕ್ಲೋನ್‌ಜಿಲ್ಲಾ ಒಂದೊಂದಕ್ಕೂ ಬೇರೆ ಪೆನ್‌ಡ್ರೈವ್ ಇಟ್ಟುಕೊಂಡಿದ್ದೇನೆ. ಎಲ್ಲವನ್ನೂ 32 ಜಿಬಿಯ ಒಂದರಲ್ಲೇ ಹಾಕಬೇಕು. ವೆಂಟಾಯ್ ಬಳಸಿದವರು ಹೇಳಿ, ಗಿರಾಕಿ ಮನೆಯಲ್ಲಿ ಕೈಕೊಡುವುದಿಲ್ಲ ಅಲ್ವಾ?

ಕಾಲೇಜು ಲ್ಯಾಬ್ ನೋಡಿಕೊಳ್ಳುವವರು, ಹಾಸನ: ನಮ್ಮ ಲ್ಯಾಬ್‌ನಲ್ಲಿ ಈಗ ಇದೊಂದೇ ಓಡುತ್ತಿದೆ. `Ventoy2Disk.exe` ತೆರೆದು, ಪೆನ್‌ಡ್ರೈವ್ ಆರಿಸಿ, `Install` ಒತ್ತಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಎರಡು ಸಲ ಕೇಳುತ್ತದೆ. ಆಮೇಲೆ ಐಎಸ್‌ಒ ಫೈಲ್‌ಗಳನ್ನು ಹಾಡು, ಫೋಟೋ ಹಾಕುವ ಹಾಗೆ ಸುಮ್ನೆ ಕಾಪಿ ಮಾಡಿದರೆ ಸಾಕು. ಬಿಚ್ಚಬೇಕಾಗಿಲ್ಲ. ಬೂಟ್ ಮಾಡಿದಾಗ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿ. ನಿಮ್ಮ ನಾಲ್ಕೂ 32 ಜಿಬಿಯಲ್ಲಿ ಆರಾಮಾಗಿ ಹಿಡಿಸುತ್ತವೆ. ಉಬುಂಟು 24.04 ಒಂದೇ ಸುಮಾರು 6 ಜಿಬಿ, ಕ್ಲೋನ್‌ಜಿಲ್ಲಾ ಬಹಳ ಚಿಕ್ಕದು. ಹೊಸ ಮಿಂಟ್ ಬಂದರೆ ಹಳೆಯ ಫೈಲ್ ಅಳಿಸಿ ಹೊಸದನ್ನು ಹಾಕಿ, ಅಷ್ಟೇ. ವೆಂಟಾಯ್‌ನ ಹೊಸ ಆವೃತ್ತಿ ಬಂದಾಗ `Update` ಒತ್ತಿ. ಆಗ ಐಎಸ್‌ಒಗಳು ಹಾಗೇ ಉಳಿಯುತ್ತವೆ.

ಸರ್ವೀಸ್ ಅಂಗಡಿಯವರು: ಮೊದಲು ಪೆನ್‌ಡ್ರೈವನ್ನು ಫ್ಯಾಟ್32 ಮಾಡಿಕೊಳ್ಳಿ ಸರ್. ಯುಇಎಫ್‌ಐ ಓದುವುದು ಅದನ್ನೇ. ಸೆಕ್ಯೂರ್ ಬೂಟ್ ಕೂಡ ಆಫ್ ಮಾಡಲೇಬೇಕು, ಇಲ್ಲದಿದ್ದರೆ ವೆಂಟಾಯ್ ಬರುವುದೇ ಇಲ್ಲ.

ಲ್ಯಾಬ್‌ನವರು: ಯುಇಎಫ್‌ಐಗೆ ಫ್ಯಾಟ್ ಬೇಕು ಅನ್ನುವುದು ಸರಿ ಸರ್. ಆದರೆ ಅದಕ್ಕೆಂದೇ ವೆಂಟಾಯ್ `VTOYEFI` ಎಂಬ 32 ಎಂಬಿಯ ಪುಟ್ಟ ಪಾರ್ಟಿಷನ್ ಬೇರೆ ಮಾಡಿಕೊಳ್ಳುತ್ತದೆ. ಐಎಸ್‌ಒ ಇಡುವ ದೊಡ್ಡ ಭಾಗ ಎಕ್ಸ್‌ಫ್ಯಾಟ್‌ನಲ್ಲೇ ಇರಲಿ. ಅದನ್ನು ಫ್ಯಾಟ್32 ಮಾಡಿದರೆ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿಯೇ ಆಗುವುದಿಲ್ಲ. ಉಬುಂಟು, ವಿಂಡೋಸ್ ಎರಡೂ ಹೊರಗುಳಿಯುತ್ತವೆ.

ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಯೋಚಿಸಿ. ಗಿರಾಕಿಯ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಇದ್ದರೆ, ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಿ ಕೂರಬಹುದು. ಆ ಕೀ ಎಲ್ಲಿದೆ ಎಂದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಆಫ್ ಮಾಡದೆಯೂ ದಾರಿ ಇದೆ. ವೆಂಟಾಯ್ ಹಾಕುವಾಗ `Secure Boot Support` ಆನ್ ಇರಲಿ. ಹೊಸ ಯಂತ್ರದಲ್ಲಿ ಮೊದಲ ಸಲ `Verification failed` ಎಂದು ಬರುತ್ತದೆ, ಗಾಬರಿಯಾಗಬೇಡಿ. ಓಕೆ ಒತ್ತಿ, ನಂತರದ ನೀಲಿ ಪರದೆಯಲ್ಲಿ ತಕ್ಷಣ ಯಾವುದಾದರೂ ಕೀ ಒತ್ತಿ. ಅಲ್ಲಿ `Enroll key from disk` ಆರಿಸಿ, `VTOYEFI` ಒಳಗಿನ `ENROLL_THIS_KEY_IN_MOKMANAGER.cer` ತೋರಿಸಿ, ಒಪ್ಪಿಗೆ ಕೊಟ್ಟು ರೀಬೂಟ್ ಮಾಡಿ. ಒಂದು ಯಂತ್ರಕ್ಕೆ ಒಂದು ಸಲ ಮಾಡಿದರೆ ಸಾಕು. ಆದರೆ ಆ ಕೀ ಯಂತ್ರದಲ್ಲೇ ಉಳಿಯುತ್ತದೆ, ಅದಕ್ಕೇ ಗಿರಾಕಿಗೆ ಮೊದಲೇ ಹೇಳಿಬಿಡುವುದು ನ್ಯಾಯ.

ಪದವಿ ವಿದ್ಯಾರ್ಥಿನಿ: ನಾನೂ ಉಬುಂಟು ಹೀಗೇ ಇಟ್ಟುಕೊಂಡಿದ್ದೇನೆ ಅಣ್ಣಾ. ಆದರೆ ಬರೆದ ಪ್ರಾಜೆಕ್ಟ್ ಫೈಲ್‌ಗಳು ರೀಸ್ಟಾರ್ಟ್ ಆದಮೇಲೆ ಇರುವುದಿಲ್ಲ. ನಿಮಗೂ ಹಾಗೇ ಆಗುತ್ತದೆ, ನೋಡಿಕೊಳ್ಳಿ.

ಲ್ಯಾಬ್‌ನವರು: ಅವರಿಗೆ ಬೇಕಿರುವುದು ಇನ್‌ಸ್ಟಾಲರ್ ಮಾತ್ರ ತಂಗಿ, ಹಾಗಾಗಿ ತೊಂದರೆಯಿಲ್ಲ. ನಿಮಗೆ ಬೇಕಾದದ್ದು ಪರ್ಸಿಸ್ಟೆನ್ಸ್. ಅದಕ್ಕೆ ಬೇರೆ ಇಮೇಜ್ ಫೈಲ್ ಮಾಡಿ `ventoy.json`ನಲ್ಲಿ ಬರೆಯಬೇಕು. ಅಲ್ಲಿಯವರೆಗೆ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ಹಾಕಿಕೊಳ್ಳಿ.

ಲಿನಕ್ಸ್ ಬಳಸುವವರು, ಧಾರವಾಡ: ಕೈಕೊಡುತ್ತದಾ ಎಂದು ಕೇಳಿದಿರಿ. ನಾನು ನೋಡಿದ ಹಾಗೆ ಕೈಕೊಡುವುದು ಹೆಚ್ಚಾಗಿ ಕಾಪಿ. ಲಿನಕ್ಸ್‌ನಲ್ಲಿ ಕಾಪಿ ಮುಗಿಯಿತು ಎಂದು ಕಂಡರೂ ಡೇಟಾ ಇನ್ನೂ ಮೆಮೊರಿಯಲ್ಲೇ ಇರುತ್ತದೆ. ಆಗಲೇ ಕಿತ್ತರೆ ಐಎಸ್‌ಒ ಅರ್ಧಂಬರ್ಧ. ಮೆನು ಬರುತ್ತದೆ, ಇನ್‌ಸ್ಟಾಲರ್ ಕೂಡ ಶುರುವಾಗುತ್ತದೆ, ಆದರೆ ನಡುವೆ ಯಾವುದೋ ಫೈಲ್ ಓದಲಾಗದೆ ನಿಂತುಬಿಡುತ್ತದೆ. ಅದಕ್ಕೇ ಕಾಪಿ ಆದಮೇಲೆ ಇದನ್ನು ಕೊಡಿ:

```
sync
```

ಇದು ಮುಗಿದಮೇಲೆ ಡ್ರೈವನ್ನು ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಪೆನ್‌ಡ್ರೈವ್‌ನ ಫೋಲ್ಡರ್ ಒಳಗೆ ಹೋಗಿ:

```
sha256sum *.iso
```

ತೆಗೆದು ಚುಚ್ಚದಿದ್ದರೆ ಮೆಮೊರಿಯಲ್ಲಿರುವ ಪ್ರತಿಯನ್ನೇ ಓದಿ ಎಲ್ಲ ಸರಿ ಎಂದು ತೋರಿಸಬಹುದು. ಬಂದ ಅಂಕೆಯನ್ನು ಡೌನ್‌ಲೋಡ್ ಪುಟದ ಅಂಕೆಯ ಜೊತೆ ಹೋಲಿಸಿ. ಗಿರಾಕಿ ಮನೆಯಲ್ಲಿ ಅನುಮಾನ ಬಂದರೆ ವೆಂಟಾಯ್ ಮೆನುವಿನಲ್ಲೇ ಫೈಲ್ ಮೇಲೆ ನಿಂತು `m` ಒತ್ತಿ, ಅಲ್ಲೂ ಲೆಕ್ಕ ಹಾಕುತ್ತದೆ. ಅಗ್ಗದ ಡ್ರೈವ್ ಆದರೆ ವಿಂಡೋಸ್‌ನಲ್ಲಿ `H2testw` ಓಡಿಸಿ. ನಾನು ಸಂತೆಯಲ್ಲಿ ಕೊಂಡ ಒಂದರಲ್ಲಿ ಮೊದಲು ಹಾಕಿದ ಫೈಲ್ ಸರಿಯಿತ್ತು, ಕೊನೆಗೆ ಹಾಕಿದವೆಲ್ಲ ಹಾಳು. ಮೇಲೆ ಬರೆದಷ್ಟು ಜಾಗ ಒಳಗೆ ಇರಲೇ ಇಲ್ಲ.

ಇನ್ನೊಂದು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪಟ್ಟಿಯಲ್ಲಿ ನಿಮ್ಮ ಪೆನ್‌ಡ್ರೈವ್ ಕೂಡ ಕಾಣುತ್ತದೆ. ಹೆಸರು ಬಿಟ್ಟು ಗಾತ್ರ ನೋಡಿ ಆರಿಸಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹಾಕಿ ನೋಡಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ನಾಲ್ಕೂ ಬಂದವು, ಚೆಕ್‌ಸಮ್ ಕೂಡ ಸರಿ. ಆದರೆ ಯುಇಎಫ್‌ಐ ಇಲ್ಲದ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಕಪ್ಪು ಪರದೆ, ಕರ್ಸರ್ ಮಾತ್ರ ಮಿನುಗುತ್ತದೆ.

ಅಂಗಡಿಯವರು: ಹಳೇ ಬಯೋಸ್ 137 ಜಿಬಿ ಆಚೆ ಓದುವುದಿಲ್ಲ ಸರ್, ಅದೇ ಇರಬೇಕು.

ಲ್ಯಾಬ್‌ನವರು: ಅಂಥ ಬಯೋಸ್‌ಗಳು ಇವೆ, ಆದರೆ ಇವರದು 32 ಜಿಬಿ ಡ್ರೈವ್ ಅಲ್ವಾ? ವೆಂಟಾಯ್ ಹಾಕುವಾಗ ಪಾರ್ಟಿಷನ್ ಶೈಲಿ ಎಂಬಿಆರ್ ಇತ್ತೋ, ಜಿಪಿಟಿ ಮಾಡಿದ್ದಿರೋ? ಕೆಲವು ಹಳೆಯ ಬಯೋಸ್‌ಗಳಿಗೆ ಜಿಪಿಟಿ ಆಗಿಬರುವುದಿಲ್ಲ. ಹಿಂದಿನ ಯುಎಸ್‌ಬಿ ಪೋರ್ಟ್‌ಗೂ ಒಮ್ಮೆ ಹಾಕಿ ನೋಡಿ.

ಕೇಳಿದವರು: ಜಿಪಿಟಿಯೇ ಆರಿಸಿದ್ದೆ. ಎಂಬಿಆರ್ ಮಾಡಿ ಮತ್ತೆ ಹಾಕಿ ನೋಡುತ್ತೇನೆ. ಅದರಲ್ಲೂ ಬರದಿದ್ದರೆ ಆ ಡೆಸ್ಕ್‌ಟಾಪ್‌ಗೆ ಮಿಂಟ್‌ನ ಬೇರೆ ಪೆನ್‌ಡ್ರೈವನ್ನೇ ಒಯ್ಯುತ್ತೇನೆ.