ಸಹಾಯ ಬೇಕು: ದೇವಸ್ಥಾನದ ಕ್ಯಾಲೆಂಡರಿನಲ್ಲಿ ಕಾರ್ತಿಕವೋ, ಕಾರ್ತೀಕವೋ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮೂರ ದೇವಸ್ಥಾನದ ಕ್ಯಾಲೆಂಡರ್ ಈ ಸಲ ನಾನು ಟೈಪ್ ಮಾಡುತ್ತಿದ್ದೇನೆ. ಹಳೇ ಫೈಲಿಗೆ ಮೂರು ನಾಲ್ಕು ಜನ ಕೈ ಹಾಕಿದ್ದಾರೆ. ಹಾಗಾಗಿ ನವೆಂಬರ್ ಹಾಳೆಯ ಮೇಲ್ಗಡೆ 'ಕಾರ್ತಿಕ ಮಾಸ', ಕೆಳಗಿನ ಚೌಕದಲ್ಲಿ 'ಕಡೇ ಕಾರ್ತೀಕ ಸೋಮವಾರ'. ಒಂದೇ ಹಾಳೆಯಲ್ಲಿ ಎರಡು ರೂಪ!

ವಾರಗಳದು ಸುಲಭವಾಯಿತು. 'ರವಿವಾರ' ತಪ್ಪಲ್ಲ, ಆದರೆ ನಮ್ಮ ಕಡೆ ಭಾನುವಾರ ಅನ್ನುತ್ತೇವೆ, ಅದನ್ನೇ ಇಟ್ಟೆ. 'ಬುದವಾರ' ಮಾತ್ರ ತಪ್ಪೇ, ಬುಧವಾರ ಮಾಡಿದೆ.

ಸಿಕ್ಕಿಬಿದ್ದಿದ್ದು ಸೆಪ್ಟೆಂಬರಿನಲ್ಲಿ. 'ಸೆಪ್ಟಂಬರ್' ಅಂತ ಹುಡುಕಿ ಎಲ್ಲವನ್ನೂ 'ಸೆಪ್ಟೆಂಬರ್' ಮಾಡಿದೆ. ಪ್ರಿಂಟ್ ತೆಗೆದು ನೋಡಿದರೆ ಸೂಚನೆಯಲ್ಲಿ 'ಸೆಪ್ಟಂಬರಿನಲ್ಲಿ' ಹಾಗೇ ಕೂತಿತ್ತು. ವಿಭಕ್ತಿ ಸೇರಿದಾಗ 'ರ್' ಹೋಗಿ 'ರಿ' ಆಗುತ್ತದಲ್ವಾ, ಅದಕ್ಕೇ ಹುಡುಕಾಟಕ್ಕೆ ಸಿಗಲಿಲ್ಲ. ಆಮೇಲೆ ಬರೀ 'ಸೆಪ್ಟಂಬ' ಅಂತ ಹುಡುಕಿದೆ, ಎಲ್ಲವೂ ಸಿಕ್ಕವು.

ಈಗ ನಿಮ್ಮ ಅಭಿಪ್ರಾಯ ಬೇಕು. ಸಂಸ್ಕೃತದ ಮೂಲ ರೂಪ 'ಕಾರ್ತಿಕ', ಹ್ರಸ್ವ. ಆದರೆ ಊರಿನ ಹಿರಿಯರ ಬಾಯಲ್ಲಿ 'ಕಾರ್ತೀಕ'ವೇ ಇದೆ. ಎಲ್ಲಾ ಕಡೆ ಹ್ರಸ್ವ ಮಾಡೋಣ ಅಂತ ನನ್ನ ಮನಸ್ಸು. ಹಾಗೆ ಮಾಡಿದರೆ 'ಆಶ್ವೀಜ'ವನ್ನೂ 'ಆಶ್ವಯುಜ' ಮಾಡಬೇಕಾ? 'ಉಗಾದಿ'ಯನ್ನು 'ಯುಗಾದಿ' ಮಾಡಬೇಕಾ? ಪಂಚಾಂಗ ಅಥವಾ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದವರು ಯಾವುದನ್ನು ಇಟ್ಟಿರಿ, ಯಾಕೆ ಅಂತ ದಯವಿಟ್ಟು ತಿಳಿಸಿ. ಶುಕ್ರವಾರ ಫೈಲ್ ಪ್ರೆಸ್ಸಿಗೆ ಕೊಡಬೇಕು.