“ಹೆಚ್ಚಾದರೆ” ಬರೆಯಬೇಕಾ, “ಹೆಚ್ಚಿದ್ದ ಕಡೆ” ಬರೆಯಬೇಕಾ? ಟರ್ಮ್ ಪೇಪರಿನ ಸಾರಾಂಶದ ಬಗ್ಗೆ

ಎಂ.ಎ. ವಿದ್ಯಾರ್ಥಿನಿ, ಹಾಸನ:

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರದ ಟರ್ಮ್ ಪೇಪರನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮ್ಯಾಂಕ್ಯೂ, ರೋಮರ್, ವೈಲ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ದೇಶಗಳ ಆರ್ಥಿಕ ಬೆಳವಣಿಗೆಯ ಬಗ್ಗೆ 1992ರಲ್ಲಿ ಪ್ರಕಟಿಸಿದ ಲೇಖನದ ರಿಗ್ರೆಷನ್‌ಗಳನ್ನು ನಾನೇ ಮತ್ತೆ ಓಡಿಸಿ ನೋಡಿದೆ. 98 ದೇಶ, 1960ರಿಂದ 1985. ಅಂಕಿಅಂಶ ಆ ಲೇಖನದ ಕೊನೆಯಲ್ಲೇ ಅಚ್ಚಾಗಿದೆ, ಹಾಗಾಗಿ ಲೆಕ್ಕ ಸರಿಯಾಗಿಯೇ ಬಂತು. ತೊಂದರೆ ಆಗಿರುವುದು ಬರೆಯುವುದರಲ್ಲಿ. ನನ್ನ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್, ಹೀಗಿದೆ:

“ಈ ಪ್ರಬಂಧದಲ್ಲಿ ಬೆಳವಣಿಗೆಯನ್ನು ಕುರಿತು ಚರ್ಚಿಸಲಾಗಿದೆ. ಬಡ ದೇಶಗಳು ಶ್ರೀಮಂತ ದೇಶಗಳಿಗಿಂತ ವೇಗವಾಗಿ ಬೆಳೆಯುತ್ತವೆ ಎಂದು ಸಾಬೀತಾಗಿದೆ. ಶಿಕ್ಷಣ ಹೆಚ್ಚಾದರೆ ಆದಾಯ ಹೆಚ್ಚುತ್ತದೆ. ಫಲಿತಾಂಶಗಳು ಮಹತ್ವದವು.”

ಮೇಷ್ಟ್ರು “ನಾಲ್ಕು ವಾಕ್ಯದಲ್ಲಿ ನಾಲ್ಕು ತಪ್ಪು” ಎಂದು ಬರೆದು ವಾಪಸ್ ಕೊಟ್ಟರು. ಯಾವ ತಪ್ಪು ಅಂತ ಹೇಳಲಿಲ್ಲ. ಜೊತೆಗೆ ಕೊನೆಯ ಭಾಗಕ್ಕೆ “ತೀರ್ಮಾನ” ಅನ್ನಲೋ “ಉಪಸಂಹಾರ” ಅನ್ನಲೋ, ಅದೂ ಗೊತ್ತಾಗುತ್ತಿಲ್ಲ.

ನಿವೃತ್ತ ಕನ್ನಡ ಅಧ್ಯಾಪಕರು, ಶಿವಮೊಗ್ಗ:

ತಂಗೀ, ಅಬ್‌ಸ್ಟ್ರಾಕ್ಟ್ ಅಂದರೆ ಅಮೂರ್ತ. ಭಾವನಾಮಗಳನ್ನು ಹಾಗೆ ಕರೆಯುತ್ತೇವೆ: ಒಳ್ಳೆಯತನ, ಬಡತನ. ನಿಮ್ಮ ಪ್ರಬಂಧದಲ್ಲಿ “ಬೆಳವಣಿಗೆ” ಕೂಡ ಭಾವನಾಮವೇ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. “ಚರ್ಚಿಸಲಾಗಿದೆ” ಎಂಬ ಕರ್ಮಣಿ ಪ್ರಯೋಗ ಮಾತ್ರ ನನಗೆ ಹಿಡಿಸಲಿಲ್ಲ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು:

ಸರ್, ಅವರು ಕೇಳಿದ್ದು ಆ ಅಮೂರ್ತ ಅಲ್ಲ, ಲೇಖನದ ತಲೆಯ ಮೇಲೆ ಬರುವ ಸಾರಾಂಶ.

ನಾನು ಡೇಟಾ ಕೆಲಸ ಮಾಡುವವನು, ಹೇಳಿಬಿಡುತ್ತೇನೆ. “ಮಹತ್ವದ” ಅನ್ನುವ ಪದ ತೆಗೆಯಿರಿ. ಸಂಖ್ಯಾಶಾಸ್ತ್ರದಲ್ಲಿ ಅದರ ಅರ್ಥ “ದೊಡ್ಡದು” ಅಂತಲ್ಲ, “ನಿಜಕ್ಕೂ ಸಂಬಂಧ ಇಲ್ಲದಿದ್ದರೆ ಇಂಥ ಸಂಖ್ಯೆ ಆಕಸ್ಮಿಕವಾಗಿ ಬರುವ ಸಾಧ್ಯತೆ ಕಡಿಮೆ” ಅಂತ. ಆ ಪರೀಕ್ಷೆಯಲ್ಲಿ ಪಾಸಾಗದ ಗುಣಾಂಕ ಇದ್ದರೆ “ಸಂಬಂಧವೇ ಇಲ್ಲ” ಎಂದು ಬರೆಯಿರಿ. ಮುಗೀತು.

ಅರ್ಥಶಾಸ್ತ್ರ ಬೋಧಿಸುವವರು, ಧಾರವಾಡ:

ಮೊದಲರ್ಧ ಸರಿ, ಕೊನೇದು ಸರಿಯಲ್ಲ ನೋಡ್ರಿ. ಇದೇ ಪೇಪರಿನಲ್ಲೇ ಉದಾಹರಣೆ ಇದೆ. 1960ರ ಆದಾಯ ಒಂದನ್ನೇ ಇಟ್ಟು ಬೆಳವಣಿಗೆಯನ್ನು ನೋಡಿದರೆ ಗುಣಾಂಕ 0.0943 ಬರುತ್ತದೆ, ಸ್ಟ್ಯಾಂಡರ್ಡ್ ಎರರ್ 0.0496. ಭಾಗಿಸಿದರೆ 1.9. ನೂರಕ್ಕೆ ಐದರ ಗೆರೆ ಸುಮಾರು 2, ಅದಕ್ಕೆ ಕೂದಲೆಳೆಯಷ್ಟು ಕಡಿಮೆ. ಇದಕ್ಕೆ “ಸಂಬಂಧವೇ ಇಲ್ಲ” ಅಂದರೆ ಹೇಗೆ? “ಈ ಅಂಕಿಅಂಶದಿಂದ ಖಚಿತವಾಗಿ ಹೇಳಲಾಗದು” ಅನ್ನಬೇಕು. ಇಲ್ಲ ಎಂದು ಗೊತ್ತಾಗುವುದು ಬೇರೆ, ಇದೆಯೋ ಇಲ್ಲವೋ ಗೊತ್ತಾಗದೇ ಇರುವುದು ಬೇರೆ.

ಅದಕ್ಕಿಂತ ದೊಡ್ಡ ತಪ್ಪು ಎರಡನೇ ವಾಕ್ಯದಲ್ಲಿದೆ. ಆ ಗುಣಾಂಕದ ಮುಂದಿನ ಚಿಹ್ನೆ ನೋಡಿ, ಕೂಡುವ ಚಿಹ್ನೆ. ಅಂದರೆ ಸುಮ್ನೆ ಹೋಲಿಸಿದಾಗ ಬಡ ದೇಶಗಳು ವೇಗವಾಗಿ ಬೆಳೆದಂತೆ ಕಾಣುವುದೇ ಇಲ್ಲ. ಹೂಡಿಕೆ, ಜನಸಂಖ್ಯೆಯ ಏರಿಕೆ, ಪ್ರೌಢಶಾಲೆಯಲ್ಲಿ ಓದುತ್ತಿರುವವರ ಪ್ರಮಾಣ, ಇವು ಮೂರನ್ನೂ ಸೇರಿಸಿದ ಮೇಲೆ ಗುಣಾಂಕ –0.289ಕ್ಕೆ ತಿರುಗುತ್ತದೆ. ಆ “ಸೇರಿಸಿದ ಮೇಲೆ” ಅನ್ನುವ ಮಾತೇ ನಿಮ್ಮ ಸಾರಾಂಶದಲ್ಲಿ ಇಲ್ಲ. ಅದು ಬಿಟ್ಟುಹೋದರೆ ವಾಕ್ಯ ತಲೆಕೆಳಗಾಗುತ್ತದೆ.

ಇನ್ನು ವ್ಯಾಕರಣ. “ಶಿಕ್ಷಣ ಹೆಚ್ಚಾದರೆ ಆದಾಯ ಹೆಚ್ಚುತ್ತದೆ” ಅಂದಾಗ ಓದುವವರಿಗೆ ಏನು ಕೇಳಿಸುತ್ತದೆ? ಒಂದೇ ದೇಶ, ಇವತ್ತು ಶಾಲೆ ಕಟ್ಟಿತು, ನಾಳೆ ಆದಾಯ ಏರಿತು ಎಂದು. “-ಆದರೆ” ಬಂದ ಕೂಡಲೇ ಕನ್ನಡದಲ್ಲಿ ಕಾರಣದ ವಾಸನೆ ಬರುತ್ತದೆ. ನೀವು ಹೋಲಿಸಿದ್ದು ಒಂದು ದೇಶವನ್ನು ಇನ್ನೊಂದರ ಜೊತೆಗೆ. ಹಾಗಾಗಿ “ಪ್ರೌಢಶಾಲೆಗೆ ಹೋಗುವವರು ಹೆಚ್ಚಿದ್ದ ದೇಶಗಳು, ಉಳಿದವು ಒಂದೇ ಇದ್ದಾಗ, ಹೆಚ್ಚು ಬೆಳೆದಿವೆ” ಅನ್ನಿ. “ಇದ್ದ” ಹಾಕಿದರೆ ಕಂಡದ್ದನ್ನಷ್ಟೇ ಹೇಳಿದ ಹಾಗೆ. ಶ್ರೀಮಂತವಾಗುತ್ತಿದ್ದ ದೇಶವೇ ಮಕ್ಕಳನ್ನು ಜಾಸ್ತಿ ಶಾಲೆಗೆ ಕಳಿಸಿರಬಹುದು ಅಲ್ವಾ? ಆ ಬಾಗಿಲು ತೆರೆದೇ ಇರುತ್ತದೆ. “ಸಾಬೀತಾಗಿದೆ” ಅನ್ನುವುದನ್ನು ಬಿಟ್ಟೇಬಿಡಿ, “ಕಂಡುಬಂದಿದೆ” ಸಾಕು.

ಕೃಷಿ ಸಂಶೋಧನಾ ವಿದ್ಯಾರ್ಥಿ, ರಾಯಚೂರು:

ನನಗೂ ಇದೇ ಆಗಿತ್ತು. ನನ್ನ ಥೀಸಿಸ್‌ನಲ್ಲಿ “ಗೊಬ್ಬರದ ಪರಿಣಾಮ” ಎಂದು ಬರೆದಿದ್ದೆ. ಪರೀಕ್ಷಕರೊಬ್ಬರು, ಪರಿಣಾಮ ಅಂದರೆ ಗೊಬ್ಬರದಿಂದ ಆದದ್ದೋ, ನಿಮ್ಮ ಲೆಕ್ಕದಿಂದ ಬಂದದ್ದೋ ಎಂದು ಕೇಳಿದರು. ಅಂದಿನಿಂದ ಲೆಕ್ಕದ್ದಕ್ಕೆ “ಫಲಿತಾಂಶ” ಅಂತಲೇ ಬರೆಯುತ್ತೇನೆ. ಆದರೆ ನಮ್ಮಲ್ಲಿ ತಾಕುಗಳಿಗೆ ನಾವೇ ಗೊಬ್ಬರ ಹಂಚುತ್ತೇವೆ, ಹಾಗಾಗಿ “ಹಾಕಿದರೆ ಇಳುವರಿ ಹೆಚ್ಚುತ್ತದೆ” ಎಂದು ಧೈರ್ಯವಾಗಿ ಬರೆಯಬಹುದು. ದೇಶಗಳಿಗೆ ಯಾರೂ ಶಾಲೆ ಹಂಚಿ ಪ್ರಯೋಗ ಮಾಡಿಲ್ಲವಲ್ಲ.

ಎಂ.ಎ. ವಿದ್ಯಾರ್ಥಿನಿ:

ಸರ್, –0.289 ಎಂದು ಸಾರಾಂಶದಲ್ಲಿ ಹಾಗೇ ಬರೆದರೆ ಯಾರಿಗೆ ಅರ್ಥವಾಗುತ್ತದೆ? ನನಗೇ ಆಗುತ್ತಿಲ್ಲ.

ಧಾರವಾಡ:

ಒಳ್ಳೇ ಪ್ರಶ್ನೆ. ಹಾಗೇ ಬರೆಯಬೇಡಿ, ಮಾತಿಗೆ ತನ್ನಿ. ಎರಡೂ ಕಡೆ ಲಾಗ್ ಇದೆ. 1960ರಲ್ಲಿ ಒಂದು ದೇಶ ಇನ್ನೊಂದರ ಎರಡರಷ್ಟು ಶ್ರೀಮಂತ ಎಂದುಕೊಳ್ಳಿ. 2ರ ಸ್ವಾಭಾವಿಕ ಲಾಗ್ 0.693. ಅದನ್ನು 0.289ರಿಂದ ಗುಣಿಸಿದರೆ ಸುಮಾರು 0.20. ಇದು 25 ವರ್ಷದ ಒಟ್ಟು ವ್ಯತ್ಯಾಸ. ಹಂಚಿದರೆ ವರ್ಷಕ್ಕೆ ಶೇಕಡಾ 0.8 ಅಂಶ. ಇದನ್ನು ಅಡುಗೆಮನೆಯಲ್ಲಿ ಕೂತು ಹೇಳಿದರೂ ಅರ್ಥವಾಗುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“1960ರಲ್ಲಿ ಬಡವಾಗಿದ್ದ ದೇಶಗಳು ಮುಂದಿನ 25 ವರ್ಷ ವೇಗವಾಗಿ ಬೆಳೆದವೇ? ತೈಲವೇ ಮುಖ್ಯ ಉದ್ಯಮವಾದ ದೇಶಗಳನ್ನು ಬಿಟ್ಟು 98 ದೇಶಗಳ ಅಂಕಿಅಂಶ ನೋಡಿದ್ದೇನೆ. ನೇರ ಹೋಲಿಕೆಯಲ್ಲಿ ಹಾಗೆ ಕಂಡಿಲ್ಲ. ಹೂಡಿಕೆ, ಜನಸಂಖ್ಯೆಯ ಏರಿಕೆ, ಪ್ರೌಢಶಾಲಾ ಶಿಕ್ಷಣ ಒಂದೇ ಇದ್ದ ದೇಶಗಳನ್ನು ಹೋಲಿಸಿದರೆ, ಎರಡರಷ್ಟು ಶ್ರೀಮಂತವಾಗಿದ್ದ ದೇಶ ವರ್ಷಕ್ಕೆ ಸುಮಾರು ಶೇಕಡಾ 0.8 ಅಂಶ ನಿಧಾನವಾಗಿ ಬೆಳೆದಿದೆ.”

ಪ್ರಶ್ನೆ, ಅಂಕಿಅಂಶ, ಕಂಡದ್ದು, ಎಷ್ಟು. ಹಿನ್ನೆಲೆಯ ಪುರಾಣ ಬೇಡ.

ಕೊನೆಯ ಭಾಗದಲ್ಲಿ ಇದನ್ನೇ ಮತ್ತೆ ಬರೆಯಬೇಡಿ. ಇಲ್ಲಿಂದ ಏನು ಹೇಳಲಾಗದು ಎಂಬುದಕ್ಕೆ ಅಲ್ಲಿ ಜಾಗ ಕೊಡಿ. ನೀವು ಶಿಕ್ಷಣ ಅಂದದ್ದು ಪ್ರೌಢಶಾಲೆಗೆ ಹೋದವರ ಲೆಕ್ಕ ಮಾತ್ರ. ಪ್ರಾಥಮಿಕ ಶಾಲೆಯೂ ಇಲ್ಲ, ಕಲಿತದ್ದೆಷ್ಟು ಅನ್ನುವುದೂ ಇಲ್ಲ. ಲೆಕ್ಕ 1985ಕ್ಕೆ ನಿಲ್ಲುತ್ತದೆ. “ಆದ್ದರಿಂದ ಸರ್ಕಾರ ಶಾಲೆ ತೆರೆಯಬೇಕು” ಎಂದು ಮುಗಿಸಿದರೆ ಅದು ನಿಮ್ಮ ಆಸೆ, ಟೇಬಲಿನ ಮಾತಲ್ಲ. ಹೆಸರು “ತೀರ್ಮಾನ” ಬೇಡ ಅಂತ ನನ್ನ ಅಭಿಪ್ರಾಯ, ಪಂಚಾಯಿತಿ ತೀರ್ಪಿನ ಹಾಗೆ ಕೇಳಿಸುತ್ತದೆ.

ಶಿವಮೊಗ್ಗ:

“ಉಪಸಂಹಾರ” ಹಳಬರ ಪದವಾದರೂ ಕಿವಿಗೆ ಹಿತ. “ಕೊನೆಮಾತು” ಭಾಷಣದ ಹಾಗಾಗುತ್ತದೆ. ಅಂದಹಾಗೆ ಬಡ ದೇಶಗಳು ಶ್ರೀಮಂತ ದೇಶಗಳ ಹತ್ತಿರಕ್ಕೆ ಬರುವುದನ್ನು ನಿಮ್ಮಲ್ಲಿ ಕನ್ವರ್ಜೆನ್ಸ್ ಅನ್ನುತ್ತಾರಲ್ಲ, ಅದಕ್ಕೆ “ಒಮ್ಮುಖತೆ” ಎನ್ನಿ, ಚೆನ್ನಾಗಿದೆ.

ಧಾರವಾಡ:

ಪದ ಚೆನ್ನಾಗಿದೆ ಸರ್, ಅದೇ ತೊಡಕು. ಒಮ್ಮುಖ ಅಂದರೆ ಎಲ್ಲ ದೇಶಗಳೂ ಒಂದೇ ಕಡೆ ಬಂದು ಸೇರುತ್ತವೆ ಅನಿಸುತ್ತದೆ. ಈ ಲೇಖನ ಹೇಳುವುದು, ಪ್ರತಿ ದೇಶವೂ ತನ್ನದೇ ನೆಲೆಯ ಕಡೆ, ಅಂದರೆ ತನ್ನ ಉಳಿತಾಯ, ಜನಸಂಖ್ಯೆ, ಶಿಕ್ಷಣಕ್ಕೆ ತಕ್ಕ ಆದಾಯದ ಮಟ್ಟದ ಕಡೆ ಹೋಗುತ್ತದೆ ಅಂತ. ಉಳಿತಾಯ ಕಡಿಮೆ ಇದ್ದ ದೇಶದ ನೆಲೆಯೂ ಕೆಳಗೇ. ಅದೂ ನಿಧಾನ: ಈ ಗುಣಾಂಕದ ಪ್ರಕಾರ ಆ ನೆಲೆಗಿರುವ ಅಂತರ ಅರ್ಧಕ್ಕೆ ಇಳಿಯಲು ಸುಮಾರು 50 ವರ್ಷ ಬೇಕು.

ಬೆಂಗಳೂರು:

ಹಾಗಾದರೆ “ಷರತ್ತಿನ ಒಮ್ಮುಖತೆ”? ಲೋನ್ ಫಾರ್ಮಿನ ಹಾಗಿದೆ, ಗೊತ್ತು.

ಎಂ.ಎ. ವಿದ್ಯಾರ್ಥಿನಿ:

ಸಾರಾಂಶ ಮತ್ತೆ ಬರೆದೆ. “ತನ್ನ ನೆಲೆಯತ್ತ ಸರಿಯುವಿಕೆ” ಎಂದು ಹಾಕಿದ್ದೇನೆ, ಉದ್ದವಾಯಿತು. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ಶುಕ್ರವಾರದೊಳಗೆ ತಿಳಿಸಿ. ಅಂದೇ ಕೊಡಬೇಕು.