ಅಪ್‌ಡೇಟ್: 30 ಜನರ ಸಾಂಗ್ರಿಯಾ ಹೇಗಾಯ್ತು

ನಾನು ಕೇಳಿದ್ದು: "30 ಜನರಿಗೆ ಸಾಂಗ್ರಿಯಾ ಮಾಡಬೇಕು. ಕಡಿಮೆ ಬೆಲೆಯ ಯಾವ ವೈನ್ ಆಗುತ್ತೆ? ಹಣ್ಣು, ಸೋಡಾ ಯಾವಾಗ ಹಾಕಲಿ?"

ಪಾರ್ಟಿ ಮುಗೀತು, ಪಾತ್ರೆ ಪೂರ್ತಿ ಖಾಲಿ! ಓಕ್ ಪೀಪಾಯಿಯಲ್ಲಿ ಇಡದ, ಹಣ್ಣಿನ ಘಮ ಇರೋ ಎಳೆಯ ಗಾರ್ನಾಚಾ ಕೆಂಪು ವೈನ್ ತಗೊಳ್ಳಿ ಅಂದವರ ಸಲಹೆಯೇ ಗೆದ್ದಿತು. ಇನ್ನೊಬ್ಬರು ಹೇಳಿದ ಓಕ್ ವೈನನ್ನೂ ಒಂದು ಜಗ್‌ನಲ್ಲಿ ಮಾಡಿ ನೋಡಿದೆ. ಕಿತ್ತಳೆ ರಸ ಬಿದ್ದ ಮೇಲೆ ಅದರ ಒಗರು ಇನ್ನೂ ಎದ್ದು ಕಾಣಿಸಿತು.

8 ಬಾಟಲಿ, ಅಂದ್ರೆ 6 ಲೀಟರ್ ವೈನ್‌ಗೆ ಸಕ್ಕರೆ ಪಾಕ, ಸ್ವಲ್ಪ ಬ್ರಾಂಡಿ, ಸೇಬು, ಪೀಚ್ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಸಕ್ಕರೆಯನ್ನೇ ಹಾಕಿದರೆ ತಣ್ಣನೆ ವೈನ್‌ನಲ್ಲಿ ಬೇಗ ಕರಗಲ್ಲ, ತಳಕ್ಕೆ ಕೂರುತ್ತೆ. ಕಿತ್ತಳೆ, ನಿಂಬೆ ಮಾತ್ರ ಬಡಿಸೋಕೆ ಎರಡು ಗಂಟೆ ಮುಂಚೆ. ಸಿಪ್ಪೆ ಒಳಗಿನ ಬಿಳಿ ಪದರ ರಾತ್ರಿಯೆಲ್ಲಾ ನೆನೆದರೆ ಕಹಿ ಬಿಡುತ್ತೆ. "ಎಲ್ಲಾ ಒಟ್ಟಿಗೇ ನೆನೆಸಿ" ಅನ್ನೋ ಸಲಹೆ ನಡೆಯದಿದ್ದು ಇದಕ್ಕೇ.

ಸೋಡಾ 2 ಲೀಟರ್, ಸಿಹಿ ಇಲ್ಲದ್ದು, ಚೆನ್ನಾಗಿ ತಣ್ಣಗಿದ್ದದ್ದು. ಪಾತ್ರೆಗೆ ಸುರಿಯದೆ ಒಂದೊಂದು ಜಗ್ ತುಂಬುವಾಗ ಮೂರು ಪಾಲು ಮಿಶ್ರಣಕ್ಕೆ ಒಂದು ಪಾಲು ಬೆರೆಸಿದೆ. ಕೊನೆಯ ಜಗ್‌ನಲ್ಲೂ ಗುಳ್ಳೆ ಏಳ್ತಿತ್ತು. ಐಸ್ ಕೂಡ ಲೋಟಕ್ಕೇ, ಇಲ್ಲದಿದ್ರೆ ಪಾತ್ರೆಯಲ್ಲಿ ಕರಗಿ ಎಲ್ಲಾ ನೀರಾಗುತ್ತೆ.

ನನಗೆ ಹೊಸದಾಗಿ ಗೊತ್ತಾದದ್ದು: ತಣ್ಣಗಾದಾಗ ಸಿಹಿ ಕಡಿಮೆ ಅನಿಸುತ್ತೆ. ಹಾಗಾಗಿ ಪಾಕದಲ್ಲಿ ಒಂದಿಷ್ಟು ಎತ್ತಿಟ್ಟುಕೊಂಡು, ಫ್ರಿಜ್‌ನಿಂದ ತೆಗೆದ ಮೇಲೆ ಸೋಡಾ ಬೆರೆಸಿದ ಒಂದು ಲೋಟ ರುಚಿ ನೋಡಿ, ಬೇಕಿದ್ರೆ ಸೇರಿಸಿ.